‘ಗಿಂತ’ದ ನ್ಯಾಯ: ಎರಡು ಬಾಳೆಗಳ ಒಂದು ವಿಮರ್ಶೆಯಲ್ಲಿ ಒಲವಿನ ಭಾಷೆ

ಸಾರಾಂಶ

ಒಂದೇ ಬಗೆಯ ಎರಡು ವಸ್ತುಗಳನ್ನು ಹೋಲಿಸಿ ಒಂದನ್ನು ಆಯ್ದುಕೊಳ್ಳುವ ವಿಮರ್ಶೆಯಲ್ಲಿ ಇನ್ನೊಂದು ವಸ್ತುವಿನ ಬಗೆಗೆ ತಾತ್ಸಾರವು ಯಾವ ದಾರಿಯಿಂದ ನುಸುಳುತ್ತದೆ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ಕಮಲಾಪುರದ ಕೆಂಪು ಬಾಳೆ ಮತ್ತು ಏಲಕ್ಕಿ ಬಾಳೆಗಳನ್ನು ನಿದರ್ಶನವಾಗಿಟ್ಟುಕೊಂಡು, ಕನ್ನಡದ ‘-ಗಿಂತ’ ರಚನೆಯು ಇನ್ನೊಂದನ್ನು ತಾನಾಗಿ ಕೀಳುಗಳೆಯುವುದಿಲ್ಲವೆಂದೂ, ಅದರ ಸುತ್ತ ಸೇರುವ ‘-ಏ’, ‘ಏನೋ’, ‘ಬೇರೆ’ ಮುಂತಾದ ಚಿಕ್ಕ ರೂಪಗಳು ಮತ್ತು ಜಾತಿವಾಚಕವಾಗಿ ಓದಿಸಿಕೊಳ್ಳುವ ಬರಿಯ ನಾಮಪದ ಆ ಕೆಲಸವನ್ನು ಮಾಡುತ್ತವೆಯೆಂದೂ ತೋರಿಸಲಾಗಿದೆ.

ಪ್ರಮುಖ ಪದಗಳು: ತುಲನಾ ರಚನೆ, ಸೂಚ್ಯಾರ್ಥ, ಅವಧಾರಣೆ, ಜಾತಿವಾಚಕತೆ, ಕಲಬುರಗಿ ಕನ್ನಡ

1. ಸಮಸ್ಯೆಯ ಸ್ವರೂಪ

ಎರಡು ಸಮಾನ ವಸ್ತುಗಳನ್ನು ಒಂದೇ ಬರಹದಲ್ಲಿ ಹೋಲಿಸುವವರ ಮೇಲೆ ಎರಡು ಹೊಣೆಗಳಿವೆ. ಓದುಗರಿಗೆ ಯಾವುದನ್ನು ಆಯ್ದುಕೊಳ್ಳಬಹುದೆಂದು ಸ್ಪಷ್ಟವಾಗಿ ಹೇಳಬೇಕು. ಆಯ್ಕೆಯಾಗದ ವಸ್ತುವಿನ ಬಗ್ಗೆ ಇಲ್ಲದ ದೋಷವನ್ನು ಹೇಳಬಾರದು. ಮೊದಲನೆಯ ಹೊಣೆಯನ್ನು ಮರೆತರೆ ‘ಎರಡೂ ಚೆನ್ನಾಗಿವೆ’ ಎಂಬ ನಿಷ್ಪ್ರಯೋಜಕ ಮಾತು ಉಳಿಯುತ್ತದೆ. ಎರಡನೆಯದನ್ನು ಮರೆತರೆ ಹೊಗಳಿಕೆಯ ಸೋಗಿನಲ್ಲಿ ನಿಂದೆ ನಡೆದುಹೋಗುತ್ತದೆ. ಇದನ್ನು ಸಾಮಾನ್ಯವಾಗಿ ಬರೆಯುವವರ ಸಜ್ಜನಿಕೆಗೆ ಬಿಟ್ಟ ವಿಷಯವೆಂದು ತಿಳಿಯುತ್ತಾರೆ. ಸಜ್ಜನರು ಬರೆದ ವಿಮರ್ಶೆಯಲ್ಲಿಯೂ ಇಂತಹ ನಿಂದೆ ಕಾಣಿಸುವುದುಂಟು. ಅದಕ್ಕೆ ಕಾರಣವನ್ನು ವಾಕ್ಯದ ಒಳಗೇ ಹುಡುಕಬೇಕೆಂಬುದು ನಮ್ಮ ನಿಲುವು.

ನಿದರ್ಶನಕ್ಕೆ ನಾವು ಎರಡು ಬಾಳೆಯ ಹಣ್ಣುಗಳನ್ನು ಆರಿಸಿಕೊಂಡಿದ್ದೇವೆ. ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಸಿಗುವ ಕಮಲಾಪುರವು ತನ್ನ ಕೆಂಪು ಬಾಳೆಗೆ ಹೆಸರಾದ ಊರು. ದಪ್ಪ ಸಿಪ್ಪೆಯ, ದೊಡ್ಡ ಗಾತ್ರದ ಈ ಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ನಾಟಿಯಿಂದ ಕಟಾವಿನವರೆಗೆ ಇದು ಸುಮಾರು ಒಂದೂವರೆ ವರ್ಷ ತೆಗೆದುಕೊಳ್ಳುತ್ತದೆ. ಇತರ ಹಲವು ಬಾಳೆಗಳು ಸುಮಾರು ಒಂದು ವರ್ಷದಲ್ಲಿ ಕೈಗೆ ಬರುತ್ತವೆ. ಏಲಕ್ಕಿ ಬಾಳೆ ಕರ್ನಾಟಕದ ಎಲ್ಲ ಕಡೆಯೂ ಪರಿಚಿತವಾದ, ಚಿಕ್ಕ ಗಾತ್ರದ, ತೆಳು ಸಿಪ್ಪೆಯ ಹಣ್ಣು. ಒಂದೇ ತಳ್ಳುಗಾಡಿಯ ಮೇಲೆ ಎರಡನ್ನೂ ಇಟ್ಟು ಮಾರುವುದು ಅಪರೂಪವಲ್ಲ. ಹೀಗಾಗಿ ಒಂದನ್ನು ಹೊಗಳಲು ಇನ್ನೊಂದನ್ನು ತೆಗಳಿದರೆ ನಷ್ಟವಾಗುವುದು ದೂರದ ಯಾವುದೋ ಕಂಪನಿಗಲ್ಲ. ಅದೇ ಗಾಡಿಯವರಿಗೆ, ಅದೇ ಸೀಮೆಯ ಇನ್ನೊಬ್ಬ ಬೆಳೆಗಾರರಿಗೆ.

ಈ ಲೇಖನದ ಉದಾಹರಣಾ ವಾಕ್ಯಗಳೆಲ್ಲ ಚರ್ಚೆಗಾಗಿ ನಾವೇ ರಚಿಸಿದವು. ಶಿಷ್ಟ ಕನ್ನಡದ ಜೊತೆಗೆ ಕಲಬುರಗಿ ಸೀಮೆಯ ಆಡುರೂಪಗಳನ್ನೂ ಅಗತ್ಯವಿದ್ದಲ್ಲಿ ಬಳಸಿದ್ದೇವೆ.

2. ‘-ಗಿಂತ’ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ

ಕನ್ನಡದ ತುಲನಾ ವಾಕ್ಯದಲ್ಲಿ ಗುಣವಾಚಕದ ರೂಪ ಬದಲಾಗುವುದಿಲ್ಲ. ಹೋಲಿಕೆಗೆ ಅಳತೆಗೋಲಾದ ನಾಮಪದವು ಚತುರ್ಥಿಯ ರೂಪದೊಡನೆ ‘-ಇಂತ’ವನ್ನು ತಾಳುತ್ತದೆ.

(1) ಕೆಂಪು ಬಾಳೆ ಏಲಕ್ಕಿ ಬಾಳೆಗಿಂತ ಒಳ್ಳೆಯದು.
(2) ಅದಕಿಂತ ಇದು ಚಲೋ ಅದ. (ಕಲಬುರಗಿ)

ಕಲಬುರಗಿಯಲ್ಲಿ ಕನ್ನಡದ ಜೊತೆ ಬಳಕೆಯಲ್ಲಿರುವ ಭಾಷೆಗಳಲ್ಲಿಯೂ ಇದೇ ಬಗೆಯ ಕಟ್ಟಡವಿದೆ. ಉರ್ದುವಿನ ‘ಸೆ’, ಮರಾಠಿಯ ‘ಪೇಕ್ಷಾ’, ತೆಲುಗಿನ ‘ಕಂಟೆ’ ಇವೆಲ್ಲ ಅಳತೆಗೋಲಾದ ನಾಮಪದಕ್ಕೆ ಅಂಟಿಕೊಳ್ಳುತ್ತವೆ. ಗುಣವಾಚಕ ಇದ್ದ ಹಾಗೆಯೇ ಇರುತ್ತದೆ. ಜಗತ್ತಿನ ಭಾಷೆಗಳ ತುಲನಾ ರಚನೆಗಳನ್ನು 1985ರಲ್ಲಿ ವರ್ಗೀಕರಿಸಿದ ಲಿಯಾನ್ ಸ್ಟಾಸನ್ ಅವರ ಅಧ್ಯಯನದಲ್ಲಿ ಅಳತೆಗೋಲನ್ನು ಹೇಗೆ ಗುರುತಿಸಲಾಗುತ್ತದೆ ಎಂಬುದೇ ವರ್ಗೀಕರಣದ ಮುಖ್ಯ ಆಧಾರ. ನಾಲ್ಕು ಭಾಷೆಗಳ ನಡುವೆ ಓಡಾಡುವ ಕಲಬುರಗಿಯ ವ್ಯಾಪಾರಿಗೆ ಹೋಲಿಸುವಾಗ ಹೊಸ ಕಟ್ಟಡವನ್ನು ಕಲಿಯುವ ಕಷ್ಟ ಬಹಳವಿಲ್ಲ.

ಈಗ ಅರ್ಥದ ಪ್ರಶ್ನೆ. ವಾಕ್ಯ (1)ರಿಂದ ಏಲಕ್ಕಿ ಬಾಳೆ ಕೆಟ್ಟದ್ದೆಂದು ತಿಳಿಯುತ್ತದೆಯೇ? ಇದನ್ನು ಪರೀಕ್ಷಿಸಲು ಸರಳವಾದ ದಾರಿಯೊಂದಿದೆ. ವಾಕ್ಯದ ಮುಂದೆ ಅದಕ್ಕೆ ವಿರುದ್ಧವೆನಿಸಬಹುದಾದ ಇನ್ನೊಂದು ವಾಕ್ಯವನ್ನು ಸೇರಿಸಿ, ಎರಡೂ ಒಟ್ಟಿಗೆ ನಿಲ್ಲುತ್ತವೆಯೇ ಎಂದು ನೋಡಬೇಕು.

(3) ಕೆಂಪು ಬಾಳೆ ಏಲಕ್ಕಿ ಬಾಳೆಗಿಂತ ಒಳ್ಳೆಯದು. ಏಲಕ್ಕಿ ಬಾಳೆಯೂ ಒಳ್ಳೆಯ ಹಣ್ಣು.
(4) ಏಲಕ್ಕಿ ಬಾಳೆ ಕೆಂಪು ಬಾಳೆಗಿಂತ ಕೆಟ್ಟದ್ದು. ಏಲಕ್ಕಿ ಬಾಳೆಯೂ ಒಳ್ಳೆಯ ಹಣ್ಣು.

(3) ಸಲೀಸಾಗಿ ನಿಲ್ಲುತ್ತದೆ. (4) ನಿಲ್ಲುವುದಿಲ್ಲ. ಎರಡು ವಾಕ್ಯಗಳ ಮೊದಲ ಭಾಗ ಒಂದೇ ಶ್ರೇಣಿಯನ್ನು ಹೇಳುತ್ತದೆ: ಕೆಂಪು ಬಾಳೆ ಮೇಲೆ, ಏಲಕ್ಕಿ ಕೆಳಗೆ. ಆದರೂ (4)ರಲ್ಲಿ ಎರಡು ಹಣ್ಣುಗಳೂ ಕೆಟ್ಟವುಗಳ ಸಾಲಿಗೆ ಸೇರುತ್ತವೆ; ಹೊಗಳಬೇಕಾದ ಕೆಂಪು ಬಾಳೆಗೂ ಮಸಿ ಹತ್ತುತ್ತದೆ. ಪದಾರ್ಥಶಾಸ್ತ್ರದಲ್ಲಿ ಡಿ. ಎ. ಕ್ರೂಸ್ (1986) ಇಂತಹ ವಿರುದ್ಧಾರ್ಥಕ ಜೋಡಿಗಳನ್ನು ಚರ್ಚಿಸಿದ್ದಾರೆ. ಹೋಲಿಕೆಯಲ್ಲಿ ಜೋಡಿಯ ಒಂದು ಪದ ತಟಸ್ಥವಾಗಿದ್ದು ಶ್ರೇಣಿಯನ್ನಷ್ಟೇ ಹೇಳಬಲ್ಲುದು. ಇನ್ನೊಂದು ಪದ ತನ್ನ ಗುಣಕ್ಕೆ ಬದ್ಧವಾಗಿರುತ್ತದೆ. ‘ಒಳ್ಳೆಯದು’ ಮೊದಲ ಬಗೆಯದು, ‘ಕೆಟ್ಟದ್ದು’ ಎರಡನೆಯ ಬಗೆಯದು.

ಮೈಸೂರು ಸೀಮೆಯ ‘ವಾಸಿ’ಯೂ ಎಚ್ಚರಿಕೆಯಿಂದ ಬಳಸಬೇಕಾದ ಪದ. ‘ಇದಕ್ಕಿಂತ ಅದೇ ವಾಸಿ’ ಎಂದಾಗ ಎರಡೂ ಹೇಳಿಕೊಳ್ಳುವಂಥವಲ್ಲ, ಇದ್ದುದರಲ್ಲಿ ಅದು ಸಹ್ಯ ಎಂಬ ಭಾವ ಬರುತ್ತದೆ. ಕಲಬುರಗಿಯ ‘ನಡೀತದ’ ಕೂಡ ಹಾಗೆಯೇ. ‘ಏಲಕ್ಕಿನೂ ನಡೀತದ’ ಎಂಬ ಮಾತು ಒಪ್ಪಿಗೆಯಂತೆ ಕೇಳಿಸಿದರೂ ಅದು ಹಣ್ಣಿನ ಹೊಗಳಿಕೆಯಲ್ಲ. ಬೇರೆ ಗತಿಯಿಲ್ಲದಿದ್ದರೆ ಸರಿ ಎಂಬ ಸಹನೆ.

ಈ ವ್ಯತ್ಯಾಸ ವಿದ್ವಾಂಸರ ಚರ್ಚೆಗೆ ಸೀಮಿತವಾದುದಲ್ಲ. 1999ರಲ್ಲಿ ಬಟ್ಟೆಗೆ ಹಾಕುವ ನೀಲಿಯ ಜಾಹೀರಾತೊಂದರ ಬಗೆಗಿನ ಮೊಕದ್ದಮೆಯಲ್ಲಿ ಕಲ್ಕತ್ತಾ ಹೈಕೋರ್ಟು ವ್ಯಾಪಾರಿಯ ಮಾತಿಗೆ ಗಡಿಯನ್ನು ಗುರುತಿಸಿತು. ತನ್ನ ವಸ್ತು ಪ್ರತಿಸ್ಪರ್ಧಿಯ ವಸ್ತುವಿಗಿಂತ ಉತ್ತಮವೆಂದು ವ್ಯಾಪಾರಿ ಹೇಳಬಹುದು, ಅದಕ್ಕಾಗಿ ಎರಡನ್ನೂ ಹೋಲಿಸಬಹುದು. ಪ್ರತಿಸ್ಪರ್ಧಿಯ ವಸ್ತು ಕೆಟ್ಟದ್ದೆಂದು ಹೇಳುವಂತಿಲ್ಲ. ನ್ಯಾಯಾಲಯ ಎಳೆದ ಈ ಗೆರೆ (3) ಮತ್ತು (4)ರ ನಡುವಿನ ಗೆರೆಯೇ. ಆದರೆ ಜಾಹೀರಾತು ಬರೆಯುವವರಿಗೆ ತನ್ನ ಸರಕನ್ನು ಮಾರುವ ಹಂಗು ಇರುತ್ತದೆ, ಓದುಗರಿಗೂ ಅದು ಗೊತ್ತಿರುತ್ತದೆ. ವಿಮರ್ಶಕರಿಂದ ಓದುಗರು ನಿಷ್ಪಕ್ಷಪಾತವನ್ನು ನಿರೀಕ್ಷಿಸುತ್ತಾರೆ. ಆದುದರಿಂದ ‘ಕೆಟ್ಟದ್ದು’ ಎಂಬ ಪದವನ್ನು ಬಳಸದಿದ್ದರೆ ಸಾಕೆಂಬ ಅಳತೆ ವಿಮರ್ಶೆಗೆ ಸಾಲದು.

3. ತಾತ್ಸಾರ ಅಡಗುವ ಜಾಗಗಳು

ಕೆಳಗಿನದು ಒಂದು ಪುಟ್ಟ ವಿಮರ್ಶೆ. ಇದರಲ್ಲಿ ‘ಕೆಟ್ಟ’ ಎಂಬ ಪದ ಎಲ್ಲಿಯೂ ಇಲ್ಲ. ಬಿಡಿಬಿಡಿಯಾಗಿ ನೋಡಿದರೆ ಇದರ ಒಂದೊಂದು ಸಂಗತಿಗೂ ಸಮರ್ಥನೆ ಒದಗಿಸಬಹುದು.

(5) ಕಮಲಾಪುರದ ಕೆಂಪು ಬಾಳೆಯೇ ನಿಜವಾದ ಬಾಳೆ. ಏಲಕ್ಕಿ ಬಾಳೆ ಅಗ್ಗವೇನೋ ಹೌದು, ಆದರೆ ಗಾತ್ರದಲ್ಲಿ ಚಿಕ್ಕದು, ಹುಳಿ ಬೇರೆ. ಕೈಯಲ್ಲಿ ಹಣವಿಲ್ಲದವರಿಗೆ ಅದು ನಡೆಯುತ್ತದೆ.

ಓದಿ ಮುಗಿಸಿದ ಮೇಲೆ ಏಲಕ್ಕಿಯನ್ನು ಕೊಳ್ಳಲು ಸಂಕೋಚವಾಗುತ್ತದೆ. ಆ ಸಂಕೋಚವನ್ನು ಹುಟ್ಟಿಸಿದ ರೂಪಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ‘ಬಾಳೆಯೇ’ ಎಂಬಲ್ಲಿನ ಅವಧಾರಣೆಯ ‘-ಏ’. ಈ ಪ್ರತ್ಯಯ ತಾನು ಹತ್ತಿದ ಪದವನ್ನು ಅದರ ಸಹವರ್ತಿಗಳಿಂದ ಬೇರ್ಪಡಿಸುತ್ತದೆ. ‘ಕೆಂಪು ಬಾಳೆ ಒಳ್ಳೆಯದು’ ಎಂಬ ವಾಕ್ಯ ಏಲಕ್ಕಿಯ ವಿಷಯದಲ್ಲಿ ಮೌನವಾಗಿದೆ. ‘ಕೆಂಪು ಬಾಳೆಯೇ ಒಳ್ಳೆಯದು’ ಎಂದೊಡನೆ ಆ ಮೌನ ಮುರಿದು, ಇನ್ನೊಂದು ಆ ಸಾಲಿಗೆ ಸೇರದೆಂಬ ಅರ್ಥ ಬರುತ್ತದೆ. ‘ನಿಜವಾದ’ ಎಂಬ ವಿಶೇಷಣ ಅದರ ಮೇಲೆ ಕೂತು ಏಲಕ್ಕಿಯನ್ನು ಬಾಳೆಯ ಜಾತಿಯಿಂದಲೇ ಹೊರಗಿಡುತ್ತದೆ. ದಖನಿಯಲ್ಲಿ ಮರಾಠಿಯಿಂದ ಬಂದ ‘ಚ’ವೂ ಉರ್ದುವಿನ ‘ಹೀ’ಯೂ ಮಾಡುವ ಕೆಲಸ ಇದೇ. ಹಾಗಾಗಿ ಕಲಬುರಗಿಯ ಓದುಗರಿಗೆ ಮನೆಮಾತು ಯಾವುದಾದರೂ ಈ ಪೆಟ್ಟು ತಾಗುತ್ತದೆ.

ಎರಡನೆಯದು ‘ಅಗ್ಗವೇನೋ ಹೌದು’. ಗುಣವನ್ನು ಒಪ್ಪಿಕೊಳ್ಳುತ್ತಲೇ ಅದರ ಬೆಲೆಯನ್ನು ತಗ್ಗಿಸುವ ಈ ‘ಏನೋ’ ಕೇಳಿದೊಡನೆ ಕನ್ನಡಿಗರು ‘ಆದರೆ’ಗಾಗಿ ಕಾಯುತ್ತಾರೆ. ‘ಅದೂ ಒಳ್ಳೆಯದೇ’ ಎಂಬ ಮಾತಿಗೂ ಇದೇ ಗತಿ ಬರಬಹುದು. ಅಲ್ಲಿಗೇ ವಾಕ್ಯ ಮುಗಿದರೆ ಅದು ಒಪ್ಪಿಗೆ. ಅದರ ಬೆನ್ನಿಗೆ ‘ಆದರೆ’ ಬಂದರೆ ಅದು ಮುಂದಿನ ಆಕ್ಷೇಪಕ್ಕೆ ಹಾಸಿದ ಚಾಪೆ. ‘ಆದರೆ’ಯ ಎರಡು ಬದಿಗಳಲ್ಲಿ ತೂಕ ಸಮನಾಗಿರುವುದಿಲ್ಲ, ಬಳಿಕ ಬಂದದ್ದು ತೀರ್ಮಾನದಂತೆ ಕೇಳಿಸುತ್ತದೆ. ‘ಚಿಕ್ಕದು, ಆದರೆ ಪರಿಮಳವಿದೆ’ ಎಂಬುದೂ ‘ಪರಿಮಳವಿದೆ, ಆದರೆ ಚಿಕ್ಕದು’ ಎಂಬುದೂ ವಾಚ್ಯಾರ್ಥದಲ್ಲಿ ಒಂದೇ. ಕೊಳ್ಳುವವರ ಮನಸ್ಸಿನಲ್ಲಿ ಉಳಿಯುವುದು ಬೇರೆ ಬೇರೆ.

ಮೂರನೆಯದು ‘ಹುಳಿ ಬೇರೆ’. ಇಲ್ಲಿ ‘ಬೇರೆ’ಗೆ ಭಿನ್ನ ಎಂಬ ಅರ್ಥವಿಲ್ಲ, ‘ಸಾಲದ್ದಕ್ಕೆ ಇದೂ ಒಂದು’ ಎಂಬ ಅರ್ಥವಿದೆ. ದೂರುಗಳನ್ನು ಒಂದರ ಮೇಲೊಂದು ಪೇರಿಸುವ ಪದವಿದು. ಅದರ ಸಂಗಡ ಬಂದ ಯಾವ ಗುಣವೂ ದೋಷವಾಗಿ ತೋರುತ್ತದೆ. ಏಲಕ್ಕಿಯ ನಸು ಹುಳಿ ಅದನ್ನು ಮೆಚ್ಚುವವರಿಗೆ ರುಚಿಯ ಭಾಗವೇ. ವಾಕ್ಯವು ಆ ಹುಳಿಯನ್ನು ವರ್ಣಿಸುವ ಬದಲು ಅದರ ಮೇಲೆ ತೀರ್ಪು ನೀಡಿಬಿಟ್ಟಿದೆ, ಅದೂ ಕಾರಣ ಹೇಳದೆ.

ನಾಲ್ಕನೆಯದು ಪದರೂಪದಲ್ಲಿ ಕಾಣದ ಸಂಗತಿ. ಕನ್ನಡದಲ್ಲಿ ನಾಮಪದಕ್ಕೆ ನಿರ್ದಿಷ್ಟತೆಯನ್ನು ತೋರಿಸುವ ಕಡ್ಡಾಯ ಗುರುತಿಲ್ಲ. ‘ಏಲಕ್ಕಿ ಬಾಳೆ ಹುಳಿ’ ಎಂಬ ವಾಕ್ಯ ನಾವು ನಿನ್ನೆ ಕೊಂಡ ಒಂದು ಚಿಪ್ಪಿನ ಮಾತೂ ಆಗಬಹುದು, ಇಡೀ ಏಲಕ್ಕಿ ಜಾತಿಯ ಮಾತೂ ಆಗಬಹುದು. ಬರೆದವರ ಮನಸ್ಸಿನಲ್ಲಿ ಮೊದಲನೆಯದಿದ್ದರೂ, ಸಂದರ್ಭ ಬೇರೆ ಸೂಚನೆ ಕೊಡದಿದ್ದರೆ ಓದುಗರು ಎರಡನೆಯದನ್ನು ತೆಗೆದುಕೊಳ್ಳುವ ಸಂಭವವೇ ಹೆಚ್ಚು. ಒಂದು ಚಿಪ್ಪಿನ ದೋಷ ಜಾತಿಯ ದೋಷವಾಗುವುದು ಹೀಗೆ. ‘ನಾವು ಕೊಂಡ ಚಿಪ್ಪಿನಲ್ಲಿ’ ಎಂಬ ಎರಡು ಮೂರು ಪದಗಳು ಇದನ್ನು ತಡೆಯಬಲ್ಲವು.

ಕೊನೆಯ ವಾಕ್ಯದಲ್ಲಿ ಪೆಟ್ಟು ಹಣ್ಣನ್ನು ದಾಟಿ ಕೊಳ್ಳುವವರಿಗೆ ಬೀಳುತ್ತದೆ. ಏಲಕ್ಕಿಯನ್ನು ರುಚಿಗಾಗಿ ಆರಿಸಿಕೊಳ್ಳುವವರು ಇರಬಹುದೆಂಬ ಸಾಧ್ಯತೆಯನ್ನೇ ‘ಹಣವಿಲ್ಲದವರಿಗೆ’ ಎಂಬ ಪದ ಅಳಿಸುತ್ತದೆ.

4. ಹೇಳದೆ ಬಿಟ್ಟದ್ದೂ ಹೇಳಿದಂತೆಯೇ

ಈ ಚಿಕ್ಕ ರೂಪಗಳನ್ನೆಲ್ಲ ತೆಗೆದುಹಾಕಿದರೂ ಒಂದು ತೊಡಕು ಉಳಿಯುತ್ತದೆ. ‘ಕೆಂಪು ಬಾಳೆಯ ತಿರುಳು ಮೃದು’ ಎಂಬ ವಾಕ್ಯ ಒಂದೇ ಹಣ್ಣಿನ ಪರಿಚಯದಲ್ಲಿ ನಿರಪಾಯಕರ. ಎರಡು ಹಣ್ಣುಗಳ ಹೋಲಿಕೆಯಲ್ಲಿ ಅದೇ ವಾಕ್ಯ ಬಂದು, ಏಲಕ್ಕಿಯ ತಿರುಳಿನ ಮಾತು ಎಲ್ಲಿಯೂ ಬರದಿದ್ದರೆ, ಅದು ಮೃದುವಲ್ಲವೆಂದು ಓದುಗರು ಊಹಿಸುತ್ತಾರೆ. ಸಂಭಾಷಣೆಯಲ್ಲಿ ಭಾಗವಹಿಸುವವರು ಬೇಕಾದಷ್ಟನ್ನು, ಪ್ರಸ್ತುತವಾದುದನ್ನು ಹೇಳುತ್ತಾರೆಂಬ ನಂಬಿಕೆಯಿಂದ ಸೂಚ್ಯಾರ್ಥ ಹುಟ್ಟುತ್ತದೆಯೆಂದು ಎಚ್. ಪಿ. ಗ್ರೈಸ್ 1975ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ವಿವರಿಸಿದರು. ಇಲ್ಲಿ ನಡೆಯುವುದು ಅದೇ. ಹೋಲಿಕೆ ಎಂಬ ಚೌಕಟ್ಟೇ ಪ್ರತಿ ಮೌನಕ್ಕೂ ಅರ್ಥವನ್ನು ತುಂಬುತ್ತದೆ.

ಇದರಿಂದ ಒಂದು ನಿಯಮ ತಾನಾಗಿ ಬರುತ್ತದೆ. ಒಂದು ಹಣ್ಣಿನ ಯಾವ ಗುಣವನ್ನು ಹೇಳುತ್ತೇವೆಯೋ ಇನ್ನೊಂದರ ಅದೇ ಗುಣವನ್ನೂ ಹೇಳಬೇಕು. ಜೊತೆಗೆ ‘-ಗಿಂತ’ ಹತ್ತುವ ಸ್ಥಾನದಲ್ಲಿ ಯಾವಾಗಲೂ ಒಂದೇ ಹಣ್ಣು ಕೂರದಂತೆ ನೋಡಿಕೊಳ್ಳಬೇಕು. ಎಲ್ಲ ವಾಕ್ಯಗಳಲ್ಲಿಯೂ ‘ಏಲಕ್ಕಿಗಿಂತ’ ಎಂದೇ ಇದ್ದರೆ ಏಲಕ್ಕಿ ಬರಿಯ ಅಳತೆಗೋಲಾಗುತ್ತದೆ. ತನ್ನ ಬಗ್ಗೆ ಒಂದು ವಾಕ್ಯವನ್ನೂ ಪಡೆಯದೆ ವಿಮರ್ಶೆ ಮುಗಿಯುತ್ತದೆ. ಅದು ಕರ್ತೃಪದವಾಗಿ ನಿಲ್ಲುವ ವಾಕ್ಯಗಳು ಇದ್ದಾಗ ಮಾತ್ರ ಎರಡು ವಸ್ತುಗಳ ವಿಮರ್ಶೆ ನಡೆದಂತಾಗುತ್ತದೆ.

ಗುಣಗಳು ಒಂದೇ ಆದರೆ ಸಾಲದು, ಅವುಗಳ ಅಳತೆಯೂ ಒಂದೇ ಇರಬೇಕು. ಏಲಕ್ಕಿ ಅಗ್ಗವೆಂಬ ಮಾತನ್ನೇ ತೆಗೆದುಕೊಳ್ಳೋಣ. ಬಾಳೆಹಣ್ಣನ್ನು ಡಜನಿನ ಲೆಕ್ಕದಲ್ಲಿ ಕೊಳ್ಳುವಾಗ ‘ಅಗ್ಗ’ ಎಂಬ ಪದದೊಳಗೆ ಡಜನು ಅಡಗಿರುತ್ತದೆ. ಲೆಕ್ಕ ತೋರಿಸಲು ಮಾತ್ರ ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. ಕೆಂಪು ಬಾಳೆ ಡಜನಿಗೆ 120 ರೂಪಾಯಿ, ಸಿಪ್ಪೆ ತೆಗೆದರೆ ಒಂದು ಹಣ್ಣಿನ ತಿರುಳು 100 ಗ್ರಾಂ. ಏಲಕ್ಕಿ ಡಜನಿಗೆ 60 ರೂಪಾಯಿ, ತಿರುಳು 40 ಗ್ರಾಂ. ಡಜನಿನ ಲೆಕ್ಕದಲ್ಲಿ ಏಲಕ್ಕಿಯ ಬೆಲೆ ಅರ್ಧ. ತಿರುಳಿನ ಲೆಕ್ಕದಲ್ಲಿ ಕೆಂಪು ಬಾಳೆ 100 ಗ್ರಾಂಗೆ 10 ರೂಪಾಯಿ, ಏಲಕ್ಕಿ 12 ರೂಪಾಯಿ 50 ಪೈಸೆ, ಶ್ರೇಣಿಯೇ ತಿರುಗಿತು. ಹಾಗೆಂದು ಡಜನಿನ ಲೆಕ್ಕ ಸುಳ್ಳಲ್ಲ. ಮನೆಗೆ ಬಂದ ಹನ್ನೆರಡು ಜನರಿಗೆ ತಲೆಗೊಂದು ಹಣ್ಣು ಕೊಡಬೇಕಾದವರಿಗೆ ಅದೇ ಸರಿಯಾದ ಲೆಕ್ಕ. ಯಾವ ಅಳತೆಯಲ್ಲಿ ಅಗ್ಗವೆಂಬುದನ್ನು ಹೇಳದೆ ಬರಿದೆ ‘ಅಗ್ಗ’ ಎಂದರೆ ಮಾತ್ರ ಎರಡರಲ್ಲಿ ಒಂದು ಹಣ್ಣಿಗೆ ಅನ್ಯಾಯವಾಗುತ್ತದೆ.

ಹಣ್ಣಾದ ಸ್ಥಿತಿಯ ವಿಷಯವೂ ಹೀಗೆಯೇ. ಏಲಕ್ಕಿಯ ಹಸಿರು ಸಿಪ್ಪೆ ಹಳದಿಯಾಗುವುದನ್ನು ಕಣ್ಣು ಗುರುತಿಸುತ್ತದೆ. ಕೆಂಪು ಬಾಳೆ ಕಾಯಾಗಿದ್ದಾಗಲೂ ಕೆಂಪಾಗಿರುವುದರಿಂದ ಬಣ್ಣವನ್ನಷ್ಟೇ ನಂಬುವಂತಿಲ್ಲ. ಬೆರಳಿನಿಂದ ಮೆಲ್ಲನೆ ಒತ್ತಿ ನೋಡಬೇಕು. ಪೂರ್ತಿ ಮಾಗಿದ ಏಲಕ್ಕಿಯ ಪಕ್ಕದಲ್ಲಿ ಅರೆಮಾಗಿದ ಕೆಂಪು ಬಾಳೆಯನ್ನು ಇಟ್ಟು ‘ಇದು ಗಟ್ಟಿ, ಸಪ್ಪೆ’ ಎಂದು ಬರೆದರೆ ಆ ವಾಕ್ಯದ ವ್ಯಾಕರಣವನ್ನು ಎಷ್ಟು ತಿದ್ದಿದರೂ ಅನ್ಯಾಯ ಹೋಗದು.

5. ಒಲವನ್ನು ಹೇಳುವ ಬಗೆ

ಇಷ್ಟೆಲ್ಲ ಎಚ್ಚರಿಕೆಯ ನಂತರವೂ ವಿಮರ್ಶಕರು ಆಯ್ಕೆಯನ್ನು ಹೇಳಲೇಬೇಕು. ಅದಕ್ಕೆ ಕನ್ನಡ ಒಂದು ಸೊಗಸಾದ ರಚನೆಯನ್ನು ಒದಗಿಸಿದೆ. ‘ಇದು ಒಳ್ಳೆಯದು’ ಎಂಬಲ್ಲಿ ಗುಣ ವಸ್ತುವಿನದು. ‘ನಮಗೆ ಇದು ಹಿಡಿಸಿತು’ ಎಂಬಲ್ಲಿ ಅನುಭವಿಸಿದವರು ಚತುರ್ಥಿಯಲ್ಲಿ ಬರುತ್ತಾರೆ. ಹೇಳಿಕೆಯ ಭಾರ ವಸ್ತುವಿನಿಂದ ಅನುಭವಿಸಿದವರ ಕಡೆಗೆ ಸರಿಯುತ್ತದೆ. ಇನ್ನೊಂದು ಹಣ್ಣು ಹಿಡಿಸದೆ ಹೋದರೆ ಅದು ಹಣ್ಣಿನ ಕೊರತೆಯೆಂದು ಆಗುವುದಿಲ್ಲ.

ಆದರೆ ಈ ರಚನೆಯೊಂದನ್ನೇ ನೆಚ್ಚಿಕೊಂಡರೆ ವಿಮರ್ಶೆ ಬಡವಾಗುತ್ತದೆ. ‘ನಮಗೆ ಹಿಡಿಸಿತು’ ಎಂಬ ಮಾತನ್ನು ಯಾರೂ ಅಲ್ಲಗಳೆಯಲಾರರು, ಅದರಿಂದ ಏನನ್ನೂ ಕಲಿಯಲೂ ಆರರು. ಓದುಗರಿಗೆ ಬೇಕಾದುದು ಹಿಡಿಸಿದ್ದಕ್ಕೆ ಕಾರಣ. ಆ ಕಾರಣ ತಮಗೂ ಅನ್ವಯಿಸುತ್ತದೆಯೇ ಎಂದು ತೂಗಿ ನೋಡಲು ಒಂದು ಷರತ್ತು. ಕಲಬುರಗಿಯ ಹಣ್ಣಿನ ಗಾಡಿಯ ಮುಂದೆ ಎರಡನ್ನೂ ಮಾರುವವರು ಗಿರಾಕಿಗೆ ಹೇಳಬಹುದಾದ ಮಾತನ್ನು ಕಲ್ಪಿಸಿಕೊಂಡರೆ ಇದು ಸ್ಪಷ್ಟವಾಗುತ್ತದೆ.

(6) ಎರಡೂ ಚಲೋ ಅವ ಅಕ್ಕಾರ. ಸ್ವಲ್ಪ ಹುಳಿ ಬೇಕಂದ್ರ ಏಲಕ್ಕಿ ತಗೋರಿ. ಬರೇ ಸಿಹಿ ಬೇಕಂದ್ರ ಕೆಂಪು ತಗೋರಿ.

‘ಬೇಕಂದ್ರ’ ಎಂಬ ಷರತ್ತಿನ ರೂಪ ಇಲ್ಲಿ ಎಲ್ಲ ಕೆಲಸವನ್ನೂ ಮಾಡಿದೆ. ಎರಡೂ ಹಣ್ಣುಗಳಿಗೆ ಒಂದೊಂದು ಷರತ್ತು, ಒಂದೊಂದು ಶಿಫಾರಸು. ಇಬ್ಬರು ಬೆಳೆಗಾರರ ಸರಕನ್ನೂ ಮಾರಬೇಕಾದವರಿಗೆ ಈ ರಚನೆ ಅನಿವಾರ್ಯ. ವಿಮರ್ಶಕರು ಇದಕ್ಕೆ ಸೇರಿಸಬೇಕಾದುದು ಇನ್ನೊಂದೇ ವಾಕ್ಯ: ಈ ಷರತ್ತುಗಳಲ್ಲಿ ತಮ್ಮದು ಯಾವುದು ಎಂಬುದು. (5)ನ್ನು ಈ ದಾರಿಯಲ್ಲಿ ತಿದ್ದಿದರೆ ಹೀಗಾಗುತ್ತದೆ.

(7) ಕಮಲಾಪುರದ ಕೆಂಪು ಬಾಳೆಯ ಒಂದು ಚಿಪ್ಪನ್ನೂ ಏಲಕ್ಕಿಯ ಒಂದು ಚಿಪ್ಪನ್ನೂ ಕೊಂಡು, ಎರಡೂ ಪೂರ್ತಿ ಮಾಗಿದ ಮೇಲೆ ಒಂದೇ ದಿನ ತಿಂದು ನೋಡಿದೆವು. ಕೆಂಪು ಬಾಳೆ ಗಾತ್ರದಲ್ಲಿ ದೊಡ್ಡದು. ತಿರುಳು ಮೃದು, ರುಚಿ ಬರಿಯ ಸಿಹಿ. ಏಲಕ್ಕಿ ಎರಡು ಮೂರು ತುತ್ತಿನ ಹಣ್ಣು. ತಿರುಳು ಬಿಗಿ, ಸಿಹಿಯ ಜೊತೆ ನಸು ಹುಳಿಯಿದೆ. ಡಜನಿನ ಲೆಕ್ಕದಲ್ಲಿ ಏಲಕ್ಕಿಗೆ ಕಡಿಮೆ ಬೆಲೆ, ತಿರುಳಿನ ತೂಕದ ಲೆಕ್ಕದಲ್ಲಿ ಕೆಂಪು ಬಾಳೆಗೆ. ಒಂದೇ ಹಣ್ಣು ತಿಂದು ಬೆಳಗಿನ ಹಸಿವು ತಣಿಯಬೇಕೆಂಬುದು ನಮ್ಮ ಅಪೇಕ್ಷೆಯಾದ್ದರಿಂದ, ಹುಳಿಯಿಲ್ಲದ ಸಿಹಿ ನಮಗೆ ಮೆಚ್ಚಾದ್ದರಿಂದ, ನಾವು ಕೆಂಪು ಬಾಳೆಯನ್ನು ಆರಿಸಿಕೊಳ್ಳುತ್ತೇವೆ. ಊಟದ ಕೊನೆಗೆ ಚಿಕ್ಕ ಹಣ್ಣೊಂದನ್ನು ಬಯಸುವವರಿಗೆ, ಸಿಹಿಯಲ್ಲಿ ಹುಳಿ ಇರಬೇಕೆನ್ನುವವರಿಗೆ ಏಲಕ್ಕಿ ಒಪ್ಪುತ್ತದೆ.

(7)ರಲ್ಲಿ ‘-ಗಿಂತ’ ಒಮ್ಮೆಯೂ ಬಂದಿಲ್ಲ. ಅದನ್ನು ನಾವು ಬೇಕೆಂದು ದೂರವಿಟ್ಟದ್ದಲ್ಲ. ಒಂದೇ ಗುಣವನ್ನು ಎರಡರಲ್ಲಿಯೂ ಹೇಳಿದಾಗ ಶ್ರೇಣಿಯನ್ನು ಓದುಗರೇ ಮಾಡಿಕೊಳ್ಳುತ್ತಾರೆ. ಆಯ್ಕೆಯೂ ಮಸುಕಾಗಿಲ್ಲ, ಬರೆದವರು ಯಾವ ಹಣ್ಣನ್ನು ಕೊಳ್ಳುತ್ತಾರೆಂಬುದು ಖಚಿತವಾಗಿದೆ. ಗಾತ್ರ ಚಿಕ್ಕದೆಂಬ ಸಂಗತಿಯನ್ನೂ ಹುಳಿಯ ಸಂಗತಿಯನ್ನೂ ಮುಚ್ಚಿಟ್ಟಿಲ್ಲ. ಅವು ದೂರುಗಳಾಗಿ ಬಂದಿಲ್ಲ, ಅಷ್ಟೆ.

ಇಂತಹ ಬರಹ ನ್ಯಾಯವಾಗಿದೆಯೇ ಎಂದು ತಿಳಿಯಲು ನಾವು ಸೂಚಿಸುವ ಪರೀಕ್ಷೆ ಇದು. ವಿಮರ್ಶಕರ ಅಭಿರುಚಿಗೆ ವಿರುದ್ಧವಾದ ಅಭಿರುಚಿಯ ಓದುಗರನ್ನು ಕಲ್ಪಿಸಿಕೊಳ್ಳಬೇಕು. ಅವರು ಅದೇ ವಿಮರ್ಶೆಯ ಅದೇ ವಾಕ್ಯಗಳಿಂದ ಇನ್ನೊಂದು ಹಣ್ಣನ್ನು ಆರಿಸಿಕೊಳ್ಳಲು ಸಾಧ್ಯವಾಗಬೇಕು. (7)ನ್ನು ಓದಿದ ಹುಳಿಪ್ರಿಯರು ನೇರವಾಗಿ ಏಲಕ್ಕಿಯ ಕಡೆ ಕೈಚಾಚುತ್ತಾರೆ. (5)ನ್ನು ಓದಿದವರಿಗೆ ಆ ದಾರಿ ತೆರೆದಿಲ್ಲ. ಏಲಕ್ಕಿಯನ್ನು ಕೊಳ್ಳಬೇಕಾದರೆ ಅವರು ವಿಮರ್ಶಕರ ಮಾತನ್ನು ಮೀರಿಯೇ ಕೊಳ್ಳಬೇಕು.

6. ಮಿತಿಗಳು

ಈ ಪರೀಕ್ಷೆಗೂ ಒಂದು ಎಲ್ಲೆಯಿದೆ. ಎಲ್ಲ ವ್ಯತ್ಯಾಸಗಳೂ ಅಭಿರುಚಿಯವಲ್ಲ. ಸಿಪ್ಪೆಗೆ ಬಣ್ಣ ಬಂದು ಒಳಗೆ ತಿರುಳು ಕಾಯಿಯಾಗಿಯೇ ಉಳಿದ ಹಣ್ಣನ್ನು ಯಾವ ಅಭಿರುಚಿಯವರೂ ಬಯಸರು. ಕೊಳೆತ ಹಣ್ಣಿಗೆ ‘ಬೇಕಂದ್ರ’ ಎಂಬ ಷರತ್ತನ್ನು ಹಚ್ಚಿದರೆ ಅದು ಓದುಗರಿಗೆ ಮಾಡಿದ ಮೋಸ. ಅಲ್ಲಿ ದೋಷವನ್ನು ದೋಷವೆಂದೇ ಹೇಳಬೇಕು. ಹೇಳುವಾಗ ಅದು ಯಾವ ಚಿಪ್ಪಿನದು, ಎಷ್ಟು ಹಣ್ಣುಗಳಲ್ಲಿ ಕಂಡಿತು ಎಂಬುದನ್ನು ಸೇರಿಸಿ ಜಾತಿವಾಚಕ ಓದನ್ನು ತಡೆಯಬೇಕು. ‘ಕೊಂಡ ಹನ್ನೆರಡರಲ್ಲಿ ಮೂರು ಒಳಗೆ ಗಟ್ಟಿಯಾಗಿದ್ದವು’ ಎಂಬ ವಾಕ್ಯ ಕಟುವಾದರೂ ನಿಂದೆಯಲ್ಲ.

ಭೌಗೋಳಿಕ ಸೂಚಕದಂತಹ ಮಾನ್ಯತೆಯನ್ನು ಶ್ರೇಣಿಯ ಪ್ರಮಾಣಪತ್ರವಾಗಿ ಓದುವುದೂ ಸರಿಯಲ್ಲ. ಹಣ್ಣಿನ ಗುಣಕ್ಕೂ ಹೆಸರಿಗೂ ಅದರ ಊರಿಗೂ ಇರುವ ನಂಟನ್ನು ಅದು ಗುರುತಿಸುತ್ತದೆ. ಬೇರೆ ಹಣ್ಣುಗಳಿಗಿಂತ ಅದು ಮೇಲೆಂದು ಸಾರುವುದಿಲ್ಲ. ‘ಮಾನ್ಯತೆ ಪಡೆದ ಕೆಂಪು ಬಾಳೆ’ ಎಂದು ಬರೆದು ಏಲಕ್ಕಿಯ ಪಕ್ಕದಲ್ಲಿ ಏನನ್ನೂ ಬರೆಯದಿದ್ದರೆ, ನಾಲ್ಕನೆಯ ಭಾಗದಲ್ಲಿ ಕಂಡ ಮೌನದ ಸೂಚ್ಯಾರ್ಥವೇ ಇಲ್ಲಿಯೂ ಕೆಲಸ ಮಾಡುತ್ತದೆ.

ನಮ್ಮ ವಿಶ್ಲೇಷಣೆ ಬರಹದ ವಾಕ್ಯಗಳಿಗೆ ಸೀಮಿತವಾದುದು. ಆಡುಮಾತಿನಲ್ಲಿ ‘ಅದೂ ಚಲೋನೇ ಅದ’ ಎಂಬುದರ ತೂಕವನ್ನು ಧ್ವನಿಯ ಏರಿಳಿತವೂ ನಿರ್ಧರಿಸುತ್ತದೆ. ಕೊನೆಯ ಪದವನ್ನು ಎಳೆದರೆ ಒಪ್ಪಿಗೆ ಸಂದೇಹವಾಗುತ್ತದೆ, ಥಟ್ಟನೆ ಮುಗಿಸಿದರೆ ಒಪ್ಪಿಗೆಯಾಗಿಯೇ ಉಳಿಯುತ್ತದೆ. ಬರಹದಲ್ಲಿ ಈ ಸಹಾಯವಿಲ್ಲ. ಗಾಡಿಯ ಮುಂದೆ ನಗುಮುಖದಿಂದ ಆಡಿದಾಗ ಯಾರಿಗೂ ನೋವಾಗದ ಮಾತು ಅಚ್ಚಿನಲ್ಲಿ ಬಂದಾಗ ಬೆಳೆಗಾರರೊಬ್ಬರನ್ನು ನೋಯಿಸಬಲ್ಲುದು. ಆದುದರಿಂದ ವಿಮರ್ಶೆಯನ್ನು ತಿದ್ದುವಾಗ ದೊಡ್ಡ ವಿಶೇಷಣಗಳಿಗಿಂತ ಮೊದಲು ನೋಡಬೇಕಾದವು ‘-ಏ’, ‘ಏನೋ’, ‘ಬೇರೆ’, ‘ಆದರೆ’ ಎಂಬ ನಾಲ್ಕು ಚಿಕ್ಕ ರೂಪಗಳು, ಆಮೇಲೆ ಗುರುತಿಲ್ಲದೆ ನಿಂತ ನಾಮಪದ.